ಇಡೀ ಕಂಟೇನರ್ ಬೇಕೆ, ಒಂದು ಮೂಲೆ ಸಾಕೆ?

ಚನ್ನಪಟ್ಟಣದ ಸಣ್ಣದೊಂದು ಗೊಂಬೆ ಕಾರ್ಖಾನೆಗೆ ಜರ್ಮನಿಯ ಹ್ಯಾಂಬರ್ಗಿನಿಂದ ಆರ್ಡರ್ ಬಂದಿದೆ ಎಂದಿಟ್ಟುಕೊಳ್ಳೋಣ. ಆಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಬುಗುರಿ, ಗಿಲಕಿ, ಎಳೆದಾಡುವ ಬಂಡಿ, ಎಲ್ಲ ಸೇರಿ 110 ರಟ್ಟಿನ ಪೆಟ್ಟಿಗೆಗಳು. ಒಂದೊಂದು ಪೆಟ್ಟಿಗೆಯೂ 60 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರ. ತೂಕ 16 ಕಿಲೊ. ಬೆಲೆ ಕುದುರಿದೆ, ಮುಂಗಡವೂ ಬಂದಿದೆ. ಈಗ ಉಳಿದಿರುವುದು ಕಳಿಸುವ ಕೆಲಸ. ಫಾರ್ವರ್ಡರ್‌ಗೆ ಫೋನ್ ಮಾಡಿದರೆ ಆ ಕಡೆಯಿಂದ ಬರುವ ಮೊದಲ ಪ್ರಶ್ನೆ: “ಎಫ್‌ಸಿಎಲ್ಲಾ, ಎಲ್‌ಸಿಎಲ್ಲಾ ಸಾರ್?”

ಎಫ್‌ಸಿಎಲ್ ಎಂದರೆ ಇಡೀ ಕಂಟೇನರ್ ನಮ್ಮದು. ಅದರಲ್ಲಿ ಸರಕು ತುಂಬಿದೆಯೋ ಅರ್ಧ ಗಾಳಿಯೇ ಇದೆಯೋ, ಬಾಡಿಗೆ ಒಂದೇ. ಎಲ್‌ಸಿಎಲ್ ಎಂದರೆ ಹತ್ತಾರು ರಫ್ತುದಾರರ ಸರಕಿನ ಜೊತೆ ಒಂದೇ ಕಂಟೇನರಿನಲ್ಲಿ ನಮಗೊಂದು ಮೂಲೆ, ಹಿಡಿದ ಜಾಗಕ್ಕಷ್ಟೇ ದುಡ್ಡು. ಮದುವೆ ದಿಬ್ಬಣಕ್ಕೆ ಇಡೀ ಬಸ್ಸು ಗೊತ್ತು ಮಾಡುವುದಕ್ಕೂ ನಾಲ್ಕು ಜನ ಟಿಕೆಟ್ ತೆಗೆದುಕೊಂಡು ಸರ್ಕಾರಿ ಬಸ್ಸು ಹತ್ತುವುದಕ್ಕೂ ಇರುವಷ್ಟೇ ವ್ಯತ್ಯಾಸ. ಎಷ್ಟು ಜನವಾದರೆ ಇಡೀ ಬಸ್ಸೇ ಅಗ್ಗ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಕಂಟೇನರಿನ ವಿಷಯದಲ್ಲಿ ಅದೇ ಲೆಕ್ಕ ಸ್ವಲ್ಪ ಮೋಸ ಮಾಡುತ್ತದೆ. ಬಿಲ್ಲಿನ ಒಂದು ಭಾಗ ಮಾತ್ರ ಇಲ್ಲಿ ನಮ್ಮ ಕಣ್ಣಿಗೆ ಬೀಳುತ್ತದೆ, ಇನ್ನೊಂದು ಭಾಗ ಏಳು ಸಾವಿರ ಕಿಲೊಮೀಟರಿಗೂ ಆಚೆ ಬೇರೆಯವರ ಕೈ ಸೇರುತ್ತದೆ.

ಮೊದಲು ಅಳತೆ. ಈ ವ್ಯವಹಾರದ ಮೂಲಮಾನ ಘನ ಮೀಟರ್, ಎಲ್ಲರ ಬಾಯಲ್ಲೂ ‘ಸಿಬಿಎಂ’. ನಮ್ಮ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಮೀಟರಿನಲ್ಲಿ ಗುಣಿಸಿದರೆ 0.096 ಸಿಬಿಎಂ. 110 ಪೆಟ್ಟಿಗೆಗೆ 10.56. ಎಲ್‌ಸಿಎಲ್‌ನಲ್ಲಿ ಒಂದು ಸಿಬಿಎಂ ಅಥವಾ ಒಂದು ಸಾವಿರ ಕಿಲೊ, ಯಾವುದರ ಲೆಕ್ಕ ಹೆಚ್ಚೋ ಅದಕ್ಕೆ ದರ ಹಾಕುತ್ತಾರೆ. ಗೊಂಬೆಗಳ ಒಟ್ಟು ತೂಕ 1,760 ಕಿಲೊ, ಅಂದರೆ 1.76 ಟನ್. 10.56ರ ಮುಂದೆ ಅದು ಲೆಕ್ಕಕ್ಕೇ ಬಾರದು, ಹಾಗಾಗಿ ದರ ಬೀಳುವುದು ಜಾಗಕ್ಕೆ. ಗ್ರಾನೈಟ್ ಚಪ್ಪಡಿ ಕಳಿಸುವವರ ಕಥೆ ಇದಕ್ಕೆ ತದ್ವಿರುದ್ಧ. ಅವರ ಒಂದು ಸಿಬಿಎಂ ಕಲ್ಲೇ ಎರಡೂವರೆ ಟನ್ ದಾಟುತ್ತದೆ, ಅವರಿಗೆ ತೂಕದ್ದೇ ಲೆಕ್ಕ. ಈ ಬರಹ ಹಗುರ ಸರಕಿನವರಿಗೆ.

ಇಪ್ಪತ್ತು ಅಡಿಯ ಕಂಟೇನರಿನ ಒಳ ಅಳತೆ ಸುಮಾರು 5.89 ಮೀಟರ್ ಉದ್ದ, 2.35 ಅಗಲ, 2.39 ಎತ್ತರ. ಗುಣಿಸಿದರೆ 33 ಸಿಬಿಎಂ ಬರುತ್ತದೆ, ಆದರೆ ಅಷ್ಟನ್ನೂ ತುಂಬಿದವರಿಲ್ಲ. ಮೂಲೆಯ ಸಂದು, ಮೇಲಿನ ಖಾಲಿ ಜಾಗ ಎಲ್ಲ ಕಳೆದು 25ರಿಂದ 28 ಸಿಗುತ್ತದೆ ಎನ್ನುವುದು ರೂಢಿಯ ಅಂದಾಜು. ನಮ್ಮ 10.56 ಅದರ ಅರ್ಧಕ್ಕೂ ಕಡಿಮೆ. ಅಂದಮೇಲೆ ಎಲ್‌ಸಿಎಲ್ಲೇ ಸರಿ ಎಂದು ತೋರುತ್ತದೆ. ಇರಲಿ, ಆ ಪೆಟ್ಟಿಗೆಗಳ ಹಿಂದೆಯೇ ಸ್ವಲ್ಪ ದೂರ ಹೋಗಿ ನೋಡೋಣ.

ಬೆಂಗಳೂರಿನ ಪೂರ್ವದ ವೈಟ್‌ಫೀಲ್ಡಿನಲ್ಲಿ ಒಳನಾಡು ಕಂಟೇನರ್ ಡಿಪೊ ಇದೆ. ಸಮುದ್ರವಿಲ್ಲದ ಊರಿನಲ್ಲಿ ಬಂದರಿನ ಅರ್ಧ ಕೆಲಸ ಮುಗಿಸುವ ಜಾಗ ಅದು. ಇಂಥ ಕಡೆ, ಮತ್ತೆ ಚೆನ್ನೈ ಬಂದರಿನ ಆಸುಪಾಸಿನಲ್ಲಿ, ಬಿಡಿ ಸರಕನ್ನು ಒಟ್ಟುಗೂಡಿಸುವ ದೊಡ್ಡ ಗೋದಾಮುಗಳಿರುತ್ತವೆ. ಅವೇ ಕಂಟೇನರ್ ಫ್ರೈಟ್ ಸ್ಟೇಷನ್‌ಗಳು, ಚಿಕ್ಕದಾಗಿ ಸಿಎಫ್‌ಎಸ್. ಚನ್ನಪಟ್ಟಣದ ಲಾರಿ ಅದರ ಗೇಟಿನಲ್ಲಿ ನಿಂತಾಗ ಕೈಯಲ್ಲಿ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಕಸ್ಟಮ್ಸ್‌ಗೆ ಸಲ್ಲಿಸಿದ ಷಿಪ್ಪಿಂಗ್ ಬಿಲ್ಲು, ಜೊತೆಗೆ ಕನ್ಸಾಲಿಡೇಟರ್ ಕೊಟ್ಟ ಕಾರ್ಟಿಂಗ್ ಆರ್ಡರ್ ಇರಬೇಕು. ಈ ಕನ್ಸಾಲಿಡೇಟರ್ ಎನ್ನುವವನು ಹಡಗು ಕಂಪನಿಯಿಂದ ಇಡೀ ಕಂಟೇನರನ್ನು ಸಗಟಾಗಿ ಕೊಂಡು, ನಮ್ಮಂಥವರಿಗೆ ಸಿಬಿಎಂ ಲೆಕ್ಕದಲ್ಲಿ ಚಿಲ್ಲರೆ ಮಾರುವ ವ್ಯಾಪಾರಿ. ಅವನಿಗೆ ಸ್ವಂತ ಹಡಗಿಲ್ಲ. ಹಡಗಿನವರ ಕಣ್ಣಿಗೆ ಅವನೇ ರಫ್ತುದಾರ, ನಮ್ಮ ಕಣ್ಣಿಗೆ ಅವನೇ ಹಡಗಿನವನು.

ಗೇಟು ದಾಟಿದ ಮೇಲೆ ಹಮಾಲರು ಪೆಟ್ಟಿಗೆ ಇಳಿಸುತ್ತಾರೆ, ಟ್ಯಾಲಿಯವರು ಎಣಿಸುತ್ತಾರೆ, ಪೆಟ್ಟಿಗೆಯ ಮೇಲಿನ ಗುರುತು ಪ್ಯಾಕಿಂಗ್ ಲಿಸ್ಟಿಗೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ಆಮೇಲೆ ಟೇಪು ಹಿಡಿದು ಅಳೆಯುತ್ತಾರೆ. ಇಲ್ಲೇ ಸಣ್ಣ ರಫ್ತುದಾರನಿಗೆ ಮೊದಲ ಏಟು ಬೀಳುವುದು. ನಾವು ಬರೆದದ್ದು ಪೆಟ್ಟಿಗೆ ತಯಾರಿಸಿದವನು ಹೇಳಿದ ಅಳತೆ, ಅವರು ಅಳೆಯುವುದು ತುಂಬಿದ ಪೆಟ್ಟಿಗೆಯನ್ನು, ಅದೂ ಅದು ಅತಿ ಹೆಚ್ಚು ಉಬ್ಬಿದ ಜಾಗದಲ್ಲಿ. 60×40×40ರ ಪೆಟ್ಟಿಗೆ ಗೊಂಬೆ ತುಂಬಿ ಟೇಪು ಸುತ್ತಿದ ಮೇಲೆ 62×43×42 ಆಗಿದ್ದರೆ ಅಚ್ಚರಿಯಿಲ್ಲ. ನೋಡಲು ಎರಡು ಮೂರು ಸೆಂಟಿಮೀಟರ್. ಗುಣಿಸಿದರೆ 0.112 ಸಿಬಿಎಂ. ನಮ್ಮ 10.56 ಈಗ 12.32. ಇದರ ಬೆಲೆ ಎಷ್ಟೆಂದು ಮುಂದೆ ಲೆಕ್ಕ ಹಾಕೋಣ.

ಕಸ್ಟಮ್ಸ್ ಅಧಿಕಾರಿ ಕಾಗದ ನೋಡಿ, ಬೇಕೆನಿಸಿದರೆ ಒಂದೆರಡು ಪೆಟ್ಟಿಗೆ ಬಿಚ್ಚಿಸಿ, ರಫ್ತಿಗೆ ಅನುಮತಿ ಕೊಡುತ್ತಾರೆ. ಅದಕ್ಕೆ ‘ಲೆಟ್ ಎಕ್ಸ್‌ಪೋರ್ಟ್ ಆರ್ಡರ್’ ಎಂದು ಹೆಸರು. ಅದಾದ ಮೇಲೂ ಗೊಂಬೆಗಳು ಹೊರಡುವುದಿಲ್ಲ. ಹ್ಯಾಂಬರ್ಗಿಗೆ ಹೋಗುವ ಬೇರೆಯವರ ಸರಕು ಬಂದು ಕಂಟೇನರ್ ತುಂಬುವಷ್ಟಾಗಬೇಕು. ಓಡಾಟ ಹೆಚ್ಚಿರುವ ದಾರಿಗೆ ವಾರಕ್ಕೊಂದು ಕಂಟೇನರ್ ಹೊರಡುವುದುಂಟು, ಓಡಾಟ ಕಡಿಮೆಯಿದ್ದರೆ ಸರಕು ಮುಂದಿನ ವಾರಕ್ಕೆ ಬೀಳುತ್ತದೆ. ಇಲ್ಲವೇ ಕೊಲಂಬೊ, ಸಿಂಗಪುರದಂಥ ಕಡೆ ಇಳಿದು, ಅಲ್ಲಿ ಇನ್ನೊಂದು ಕಂಟೇನರಿಗೆ ಬದಲಾಗಿ ಮುಂದೆ ಹೋಗುತ್ತದೆ. ಪ್ರತಿ ಬದಲಾವಣೆಯೂ ಪೆಟ್ಟಿಗೆಗೆ ಇನ್ನೊಂದು ಎತ್ತು, ಇನ್ನೊಂದು ಇಳಿಸು. ಹಡಗಿನ ಪ್ರಯಾಣದ ಮೇಲೆ ಒಂದೆರಡು ವಾರ ಹೆಚ್ಚು ಹಿಡಿಯುತ್ತದೆ ಎಂದೇ ಎಲ್‌ಸಿಎಲ್‌ನವರು ಲೆಕ್ಕ ಇಟ್ಟುಕೊಳ್ಳಬೇಕು.

ಕಂಟೇನರ್ ತುಂಬುವುದಕ್ಕೆ ‘ಸ್ಟಫಿಂಗ್’ ಎನ್ನುತ್ತಾರೆ. ಭಾರದ ಸರಕು ಕೆಳಗೆ, ಹಗುರದ್ದು ಮೇಲೆ. ಯಂತ್ರದ ಬಿಡಿಭಾಗಗಳ ಮರದ ಪೆಟ್ಟಿಗೆಯ ಮೇಲೆ ನಮ್ಮ ಗೊಂಬೆ ಕೂತರೆ ಒಳ್ಳೆಯದು, ಹೆಚ್ಚು ಕಡಿಮೆಯಾಗಿ ಅದು ಉಲ್ಟಾ ಆದರೆ ಹ್ಯಾಂಬರ್ಗಿನಲ್ಲಿ ಗಿಲಕಿಯ ಬದಲು ಸೌದೆ ಸಿಗುತ್ತದೆ. ತುಂಬಿದ ಮೇಲೆ ಸೀಲು. ಆಗ ಎರಡು ಬಗೆಯ ಬಿಲ್ ಆಫ್ ಲೇಡಿಂಗ್ ಹುಟ್ಟುತ್ತವೆ. ಹಡಗು ಕಂಪನಿ ಕನ್ಸಾಲಿಡೇಟರಿಗೆ ಕೊಡುವುದು ಮಾಸ್ಟರ್ ಬಿಲ್, ಅದರಲ್ಲಿ ನಮ್ಮ ಹೆಸರೇ ಇರುವುದಿಲ್ಲ. ಕನ್ಸಾಲಿಡೇಟರ್ ನಮಗೆ ಕೊಡುವುದು ಹೌಸ್ ಬಿಲ್. ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಮೇಲೆ ವ್ಯಾಪಾರ ನಡೆದಿದ್ದರೆ ಆ ಪತ್ರದಲ್ಲಿ ‘ಹೌಸ್ ಬಿಲ್ ಒಪ್ಪುವುದಿಲ್ಲ’ ಎಂಬ ಸಾಲು ಇದೆಯೇ ಎಂದು ಸರಕು ಕಳಿಸುವ ಮೊದಲೇ ಓದಬೇಕು. ಇದ್ದರೆ ಎಲ್‌ಸಿಎಲ್ ದಾರಿ ಮುಚ್ಚಿದಂತೆಯೇ. ಸರಕು ಹಡಗು ಹತ್ತಿದ ಮೇಲೆ ಆ ಸಾಲು ಕಣ್ಣಿಗೆ ಬಿದ್ದರೆ ಬ್ಯಾಂಕು ಹಣ ತಡೆಹಿಡಿಯುತ್ತದೆ.

ಎಫ್‌ಸಿಎಲ್‌ನಲ್ಲಿ ಈ ನಡುವಿನ ಹಂತಗಳು ಬಹುಪಾಲು ಇಲ್ಲ. ಟ್ರೇಲರ್ ಖಾಲಿ ಕಂಟೇನರನ್ನು ಕಾರ್ಖಾನೆಯ ಬಾಗಿಲಿಗೇ ತರುತ್ತದೆ, ನಮ್ಮ ಜನವೇ ತುಂಬುತ್ತಾರೆ, ಎಲೆಕ್ಟ್ರಾನಿಕ್ ಸೀಲು ಹಾಕಿದರೆ ಸಾಮಾನ್ಯವಾಗಿ ಹ್ಯಾಂಬರ್ಗಿನಲ್ಲೇ ಅದು ಬಿಚ್ಚುವುದು.

ಈಗ ದುಡ್ಡು. ಕೆಳಗಿನ ದರಗಳು ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು. ಹಡಗಿನ ಬಾಡಿಗೆ ವಾರದಿಂದ ವಾರಕ್ಕೆ ಏರಿಳಿಯುವುದರಿಂದ ಓದುಗರು ಅಂಕಿಗಳನ್ನು ಬಿಟ್ಟು ಲೆಕ್ಕದ ದಾರಿಯನ್ನು ಹಿಡಿದರೆ ಸಾಕು. ಇಪ್ಪತ್ತು ಅಡಿಯ ಇಡೀ ಕಂಟೇನರಿಗೆ ಹಡಗಿನ ಬಾಡಿಗೆ 1,20,000 ರೂಪಾಯಿ, ಬಂದರು ಮತ್ತು ಹಡಗು ಕಂಪನಿಯ ಸ್ಥಳೀಯ ಶುಲ್ಕ 22,000, ಚನ್ನಪಟ್ಟಣಕ್ಕೆ ಬಂದು ಚೆನ್ನೈಗೆ ಹೋಗುವ ಟ್ರೇಲರಿಗೆ 42,000, ಕಸ್ಟಮ್ಸ್ ಕೆಲಸ ಮಾಡಿಕೊಡುವ ಕ್ಲಿಯರಿಂಗ್ ಏಜೆಂಟರಿಗೆ 8,000. ಒಟ್ಟು 1,92,000. ಒಂದು ಪೆಟ್ಟಿಗೆ ಕಳಿಸಿದರೂ ಇಷ್ಟೇ, ಇನ್ನೂರು ಕಳಿಸಿದರೂ ಇಷ್ಟೇ.

ಎಲ್‌ಸಿಎಲ್‌ನಲ್ಲಿ ಖರ್ಚು ಎರಡು ತರ. ವೈಟ್‌ಫೀಲ್ಡಿನವರೆಗೆ ಲಾರಿ 10,000, ಕ್ಲಿಯರಿಂಗ್ ಏಜೆಂಟ್ 8,000, ಬಿಲ್ ಆಫ್ ಲೇಡಿಂಗ್ ಇತ್ಯಾದಿ ಕಾಗದಗಳಿಗೆ 6,000. ಈ 24,000 ಸರಕು ಎಷ್ಟಿದ್ದರೂ ತಪ್ಪದು. ಇದರ ಮೇಲೆ ಸಿಬಿಎಂಗೆ ಹಡಗಿನ ಪಾಲು 5,000, ಸಿಎಫ್‌ಎಸ್ ಮತ್ತು ಬಂದರಿನ ಪಾಲು 3,000, ಸೇರಿ 8,000.

ಎರಡೂ ಸಮವಾಗುವುದು ಎಲ್ಲಿ? ಇಡೀ ಕಂಟೇನರಿನ 1,92,000ದಲ್ಲಿ ಎಲ್‌ಸಿಎಲ್‌ನ ತಪ್ಪದ ಖರ್ಚು 24,000 ಕಳೆಯಿರಿ, 1,68,000 ಉಳಿಯಿತು. ಅದನ್ನು ಸಿಬಿಎಂ ದರ 8,000ದಿಂದ ಭಾಗಿಸಿ. ಬಂದದ್ದು 21. ಅಂದರೆ 21 ಸಿಬಿಎಂವರೆಗೆ ಎಲ್‌ಸಿಎಲ್ ಅಗ್ಗ, ಆಮೇಲೆ ಇಡೀ ಕಂಟೇನರ್. ಅನೇಕ ಸಣ್ಣ ರಫ್ತುದಾರರ ಲೆಕ್ಕ ಇಲ್ಲಿಗೇ ನಿಂತುಬಿಡುತ್ತದೆ. ತಪ್ಪಿರುವುದೂ ಇಲ್ಲೇ.

ಹ್ಯಾಂಬರ್ಗಿನಲ್ಲಿ ಇಡೀ ಕಂಟೇನರ್ ಇಳಿದರೆ ಬಂದರಿನ ಶುಲ್ಕ ಕಟ್ಟಿ, ಟ್ರೇಲರಿಗೆ ಹೇರಿ, ನೇರವಾಗಿ ವ್ಯಾಪಾರಿಯ ಗೋದಾಮಿಗೆ ಒಯ್ಯಬಹುದು. ಇದಕ್ಕೆ 58,000 ಎಂದಿಟ್ಟುಕೊಳ್ಳೋಣ. ಎಲ್‌ಸಿಎಲ್ ಕಂಟೇನರ್ ಮಾತ್ರ ಅಲ್ಲಿಯ ಸಿಎಫ್‌ಎಸ್‌ಗೆ ಹೋಗಬೇಕು. ಸೀಲು ಒಡೆದು, ಎಲ್ಲರ ಸರಕನ್ನೂ ಬೇರ್ಪಡಿಸಿ, ಜೋಡಿಸಿಟ್ಟು, ಯಾರ ಹೌಸ್ ಬಿಲ್ ಯಾವುದೆಂದು ನೋಡಿ ಕೊಡಬೇಕು. ವೈಟ್‌ಫೀಲ್ಡಿನಲ್ಲಿ ಆದ ಕೆಲಸವೆಲ್ಲ ಅಲ್ಲಿ ಹಿಂದುಮುಂದಾಗಿ ಮತ್ತೊಮ್ಮೆ ನಡೆಯುತ್ತದೆ, ಅದೂ ಜರ್ಮನಿಯ ಕೂಲಿ ದರದಲ್ಲಿ. ಡೆಲಿವರಿ ಆರ್ಡರ್ ಮುಂತಾದ ಕಾಗದಕ್ಕೆ 16,000, ಬಂದರು, ಬಿಚ್ಚುವಿಕೆ, ಗೋದಾಮು, ಸಾಗಣೆ ಸೇರಿ ಸಿಬಿಎಂಗೆ 7,000 ಎಂದು ಹಿಡಿಯೋಣ.

ಎರಡು ದಡದ ಬಿಲ್ಲನ್ನೂ ಕೂಡಿಸಿದರೆ ಇಡೀ ಕಂಟೇನರಿಗೆ 2,50,000. ಎಲ್‌ಸಿಎಲ್‌ಗೆ ತಪ್ಪದ ಖರ್ಚು 40,000, ಮೇಲೆ ಸಿಬಿಎಂಗೆ 15,000. ಕಳೆದು ಭಾಗಿಸಿದರೆ ಈಗ 14. ಗಡಿ 21ರಿಂದ 14ಕ್ಕೆ ಜಾರಿತು. ಅನುಭವಿ ಫಾರ್ವರ್ಡರುಗಳು ಬಾಯಿಲೆಕ್ಕದಲ್ಲಿ ಹನ್ನೆರಡರಿಂದ ಹದಿನೈದು ಸಿಬಿಎಂ ಎನ್ನುವುದು ಹೆಚ್ಚು ಕಡಿಮೆ ಇದನ್ನೇ.

ಈ ಎರಡು ಗಡಿಗಳ ನಡುವೆ ಬೀಳುವ ಆರ್ಡರ್ ಅತ್ಯಂತ ಕೆಟ್ಟದ್ದು. 17 ಸಿಬಿಎಂ ಇದೆ ಎನ್ನಿ. ಎಲ್‌ಸಿಎಲ್‌ನಲ್ಲಿ ಕಳಿಸಿದರೆ ಚನ್ನಪಟ್ಟಣದವರ ಖರ್ಚು 1,60,000, ಇಡೀ ಕಂಟೇನರಿಗಿಂತ 32,000 ಉಳಿತಾಯ. ಆದರೆ ಹ್ಯಾಂಬರ್ಗಿನ ವ್ಯಾಪಾರಿಗೆ 58,000 ಆಗಬೇಕಿದ್ದದ್ದು 1,35,000 ಆಗುತ್ತದೆ. ನಾವು 32,000 ಉಳಿಸಲು ಅವನ ಜೇಬಿನಿಂದ 77,000 ತೆಗೆಸಿದೆವು. ಅವನೇನೂ ಜಗಳ ಆಡುವುದಿಲ್ಲ. ಮುಂದಿನ ಸಲ ಬೆಲೆ ಕೇಳುವಾಗ ತನ್ನ ಅಂಗಡಿಗೆ ಗೊಂಬೆ ಬಂದು ಬಿದ್ದ ಅಸಲು ದರವನ್ನು ವಿಯೆಟ್ನಾಮಿನದೋ ಚೀನಾದ್ದೋ ದರದ ಪಕ್ಕ ಇಟ್ಟು ನೋಡುತ್ತಾನೆ, ಅಷ್ಟೆ. ಆರ್ಡರ್ ಯಾಕೆ ನಿಂತಿತು ಎಂದು ಚನ್ನಪಟ್ಟಣದಲ್ಲಿ ಯಾರಿಗೂ ತಿಳಿಯುವುದಿಲ್ಲ.

ಇದನ್ನು ಇನ್ನಷ್ಟು ಮಸುಕಾಗಿಸುವ ಒಂದು ಪದ್ಧತಿಯಿದೆ. ಹಡಗಿನ ಬಾಡಿಗೆಯನ್ನು ಮಾರುವವನೇ ಕೊಡುವ ವ್ಯಾಪಾರದಲ್ಲಿ, ಅಂದರೆ ಸಿಐಎಫ್‌ನಂಥ ಕರಾರಿನಲ್ಲಿ, ಕನ್ಸಾಲಿಡೇಟರನ್ನು ಆರಿಸುವವನು ರಫ್ತುದಾರ. ಅವನನ್ನು ಸೆಳೆಯಲು ಕೆಲವರು ಹಡಗಿನ ದರವನ್ನು ಸೊನ್ನೆಗಿಳಿಸುತ್ತಾರೆ. ಪೈಪೋಟಿ ಜೋರಾದಾಗ ಸೊನ್ನೆಗಿಂತಲೂ ಕೆಳಗೆ, ‘ಸಿಬಿಎಂಗೆ ಇಷ್ಟು ನಾವೇ ನಿಮಗೆ ಕೊಡುತ್ತೇವೆ’ ಎಂಬ ಮಟ್ಟಕ್ಕೂ ಹೋಗುವುದುಂಟು. ಧರ್ಮಕ್ಕೆ ಯಾರೂ ಸಮುದ್ರ ದಾಟಿಸುವುದಿಲ್ಲ. ಬಿಟ್ಟ ದುಡ್ಡನ್ನು ಆ ದಡದಲ್ಲಿರುವ ಅವರ ಏಜೆಂಟ್ ವಸೂಲು ಮಾಡುತ್ತಾನೆ, ಡೆಲಿವರಿ ಆರ್ಡರ್ ಅವನ ಕೈಯಲ್ಲಿರುವುದರಿಂದ ಕೊಡದೆ ವ್ಯಾಪಾರಿಗೆ ಸರಕು ಬಿಡುಗಡೆಯಾಗದು. ನಮ್ಮ ಲೆಕ್ಕದಲ್ಲೇ ಹೇಳುವುದಾದರೆ ಇಲ್ಲಿ ಬಿಟ್ಟ 5,000 ಅಲ್ಲಿಯ 7,000ದ ಮೇಲೆ ಹತ್ತಿ 12,000 ಆಗುತ್ತದೆ. ಹಾಗಾಗಿ ದರ ಕೇಳುವಾಗ ಹ್ಯಾಂಬರ್ಗಿನಲ್ಲಿ ಯಾವ ಬಾಬಿಗೆ ಎಷ್ಟು ಎಂಬ ಪಟ್ಟಿಯನ್ನು ಬರಹದಲ್ಲಿ ತರಿಸಿಕೊಳ್ಳಬೇಕು. ಕೊಡಲು ಹಿಂದೆಮುಂದೆ ನೋಡುವವನ ದರ ಎಷ್ಟು ಅಗ್ಗವಿದ್ದರೂ ನನ್ನ ಮಟ್ಟಿಗೆ ಅದು ದರವೇ ಅಲ್ಲ.

ಮತ್ತೆ ನಮ್ಮ 110 ಪೆಟ್ಟಿಗೆಗೆ ಬರೋಣ. 10.56 ಸಿಬಿಎಂಗೆ ಎರಡೂ ಕಡೆಯ ಎಲ್‌ಸಿಎಲ್ ಖರ್ಚು 1,98,400. ಇಡೀ ಕಂಟೇನರಿಗಿಂತ 51,600 ಕಡಿಮೆ, ಸಂಶಯವಿಲ್ಲ. ಆದರೆ ಪೆಟ್ಟಿಗೆ ಉಬ್ಬಿ 12.32 ಆಗಿದ್ದರೆ ಖರ್ಚು 2,24,800. ಎರಡು ಮೂರು ಸೆಂಟಿಮೀಟರಿನ ಉಬ್ಬು 26,400 ರೂಪಾಯಿ ತಿಂದು, ಎಲ್‌ಸಿಎಲ್‌ನ ಲಾಭವನ್ನು ಅರ್ಧಕ್ಕೆ ಇಳಿಸಿತು. ಅದಕ್ಕೇ ಒಂದು ಪೆಟ್ಟಿಗೆಯನ್ನು ನಿಜವಾಗಿ ತುಂಬಿ, ಟೇಪು ಹಚ್ಚಿ, ಒಂದು ರಾತ್ರಿ ಅದರ ಮೇಲೆ ಇನ್ನೂ ನಾಲ್ಕು ಪೇರಿಸಿಟ್ಟು, ಮರುದಿನ ಅಳೆದ ಮೇಲೆ ದರ ಕೇಳುವುದು ಒಳ್ಳೆಯದು.

ಪೆಟ್ಟಿಗೆಯ ಅಳತೆ ಇಡೀ ಕಂಟೇನರ್ ತೆಗೆದುಕೊಂಡವರನ್ನೂ ಬಿಡುವುದಿಲ್ಲ. ಕಂಟೇನರಿನ ಒಳ ಎತ್ತರ 239 ಸೆಂಟಿಮೀಟರ್. 40ರ ಪೆಟ್ಟಿಗೆ ಆರು ಸಾಲು ಪೇರಿಸಲು 240 ಬೇಕು. ಒಂದೇ ಒಂದು ಸೆಂಟಿಮೀಟರ್ ಕೊರತೆಗೆ ಐದೇ ಸಾಲು, ಮೇಲೆ 39 ಸೆಂಟಿಮೀಟರ್ ಗಾಳಿ. ಅಗಲದಲ್ಲೂ ಅದೇ ಪಾಡು, 235ರಲ್ಲಿ ಐದು ನಿಂತು 35 ದಂಡ. ಉದ್ದಕ್ಕೆ ಒಂಬತ್ತು. ಎಲ್ಲವನ್ನೂ ಒಂದೇ ದಿಕ್ಕಿಗೆ ಜೋಡಿಸಿದರೆ 225 ಪೆಟ್ಟಿಗೆ, 21.6 ಸಿಬಿಎಂ. ಈಗ ಪೆಟ್ಟಿಗೆಯ ಅಗಲ, ಎತ್ತರ ಎರಡನ್ನೂ 38 ಮಾಡಿ. ಆರು 38 ಎಂದರೆ 228, ಅಗಲಕ್ಕೂ ಹಿಡಿಯಿತು, ಎತ್ತರಕ್ಕೂ ಹಿಡಿಯಿತು, ಉಬ್ಬಲು ಏಳು ಸೆಂಟಿಮೀಟರ್ ಮಿಕ್ಕಿತು. ಒಂಬತ್ತು ಆರಲಿ ಆರಲಿ 324 ಪೆಟ್ಟಿಗೆ, 28 ಸಿಬಿಎಂ. ಅದೇ ಬಾಡಿಗೆಯಲ್ಲಿ ಸುಮಾರು ಮೂರನೇ ಒಂದರಷ್ಟು ಹೆಚ್ಚು ಸರಕು. ರಟ್ಟಿನ ಪೆಟ್ಟಿಗೆ ಮಾಡಿಸುವ ದಿನವೇ ಕಂಟೇನರಿನ ಒಳ ಅಳತೆ ಕೈಯಲ್ಲಿದ್ದವನಿಗೆ ಇದು ಪುಕ್ಕಟೆ.

ಗಡಿ 14 ಎಂದೆನಲ್ಲ, ಅದು ನಿಂತಲ್ಲಿ ನಿಲ್ಲುವುದಿಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಯೂರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕದ ದಕ್ಷಿಣ ತುದಿ ಸುತ್ತತೊಡಗಿದಾಗ ಬಾಡಿಗೆ ಜಿಗಿಯಿತು. ನಮ್ಮ ಲೆಕ್ಕದ 1,20,000 ಇದ್ದಕ್ಕಿದ್ದಂತೆ 2,40,000 ಆಯಿತು ಎನ್ನಿ. ಇಡೀ ಕಂಟೇನರಿನ ಒಟ್ಟು ಖರ್ಚು 3,70,000. ಕನ್ಸಾಲಿಡೇಟರ್ ಆ ಏರಿಕೆಯನ್ನು ತಾನು ತುಂಬುವ ಇಪ್ಪತ್ತು ಚಿಲ್ಲರೆ ಸಿಬಿಎಂಗೆ ಹಂಚಿ ಸಿಬಿಎಂಗೆ 5,500 ಏರಿಸುತ್ತಾನೆ, ದರ 20,500 ಆಗುತ್ತದೆ. ಗಡಿ ಈಗ 16. ಕಾರಣ ಸರಳ: ಬಾಡಿಗೆ ಏರಿದಾಗ ಖಾಲಿ ಬಿಟ್ಟ ಜಾಗವೂ ದುಬಾರಿಯಾಗುತ್ತದೆ, ಹಂಚಿಕೊಂಡವರು ಗೆಲ್ಲುತ್ತಾರೆ. ಬಾಡಿಗೆ ಇಳಿದು 40,000ಕ್ಕೆ ಬಂದರೆ ಇದೇ ಲೆಕ್ಕ ಹನ್ನೊಂದೂವರೆಯ ಹತ್ತಿರ ನಿಲ್ಲುತ್ತದೆ. ಅಗ್ಗದ ಕಾಲದಲ್ಲಿ ಅರ್ಧ ತುಂಬಿದ ಕಂಟೇನರ್ ಕಳಿಸುವುದು ದುಂದಲ್ಲ. ಹಾಗಾಗಿ ಹಿಂದಿನ ವರ್ಷ ಯಾರೋ ಹೇಳಿದ ಗಡಿಯನ್ನು ಈ ವರ್ಷವೂ ನಂಬಿ ಕೂರದೆ, ಪ್ರತಿ ಆರ್ಡರಿಗೂ ಎರಡೂ ದರ ತರಿಸಿ ಭಾಗಿಸಬೇಕು. ಹಳೆಯ ಲಕೋಟೆಯ ಹಿಂಬದಿ ಸಾಕು.

ಲೆಕ್ಕಕ್ಕೆ ಸಿಗದ ಸಂಗತಿಗಳೂ ಇವೆ. ಮೈಸೂರಿನ ಅಗರಬತ್ತಿಯವರನ್ನು ನೋಡಿ. ಅವರ ಸರಕು ಆರೇ ಸಿಬಿಎಂ ಇದ್ದರೂ ಅದರ ಪರಿಮಳ ಮುಚ್ಚಿದ ಕಂಟೇನರಿನಲ್ಲಿ ವಾರಗಟ್ಟಲೆ ಕೂತು ಪಕ್ಕದವರ ಬಟ್ಟೆಗೋ ಚಹಾಕ್ಕೋ ಹತ್ತುತ್ತದೆ. ಆಮೇಲೆ ಪರಿಹಾರದ ತಗಾದೆ. ಅದಕ್ಕೇ ಘಾಟಿನ ಸರಕನ್ನು ಕನ್ಸಾಲಿಡೇಟರುಗಳು ಬೇಡವೆನ್ನುವುದುಂಟು, ಇಲ್ಲವೇ ಗಾಳಿಯಾಡದಂತೆ ಸುತ್ತಿ ತರಲು ಹೇಳುತ್ತಾರೆ. ಗೊಂಬೆಯವರಿಗೆ ಇದರ ತಿರುವುಮುರುವು ಭಯ: ಹಸಿ ಮರದ ಪ್ಯಾಲೆಟ್ಟಿನ ಪಕ್ಕ ಕೂತು ತೇವ ಹಿಡಿದರೆ ಬೂಷ್ಟು.

ಪಕ್ಕದವರ ತಪ್ಪೂ ನಮ್ಮ ಪಾಲಿಗೆ ಬರುತ್ತದೆ. ಒಂದೇ ಕಂಟೇನರಿನಲ್ಲಿರುವ ಯಾರದೋ ಕಾಗದದಲ್ಲಿ ಹುಳುಕು ಸಿಕ್ಕಿ ಅಲ್ಲಿಯ ಕಸ್ಟಮ್ಸ್ ಕಂಟೇನರನ್ನೇ ತಡೆದರೆ ಎಲ್ಲರ ಸರಕೂ ನಿಂತಿತು. 2021ರ ಮಾರ್ಚಿನಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡ ‘ಎವರ್ ಗಿವನ್’ ಹಡಗಿನ ಮೇಲಿದ್ದದ್ದು 18 ಸಾವಿರಕ್ಕೂ ಹೆಚ್ಚು ಕಂಟೇನರ್. ಅದನ್ನು ಬಿಡಿಸಿದ ಖರ್ಚಿಗೆ ಸರಕಿನ ಮಾಲೀಕರೂ ಪಾಲು ಕೊಡಬೇಕೆಂದು ಹಡಗಿನ ಒಡೆಯರು ‘ಜನರಲ್ ಆವರೇಜ್’ ಘೋಷಿಸಿದರು. ಸಮುದ್ರ ವ್ಯಾಪಾರದ ಬಹಳ ಹಳೆಯ ನಿಯಮ ಅದು. ಖಾತರಿ ಕೊಟ್ಟವರಿಗಷ್ಟೇ ಸರಕು. ಇಡೀ ಕಂಟೇನರ್ ಇದ್ದವರು ತಮ್ಮೊಬ್ಬರ ಖಾತರಿ ಕೊಟ್ಟು ಬಿಡಿಸಿಕೊಳ್ಳಬಹುದಿತ್ತು. ಹಂಚಿಕೊಂಡ ಕಂಟೇನರಿನಲ್ಲಿ ಹತ್ತು ಜನರಿದ್ದರೆ ಹತ್ತೂ ಜನ ಕೊಡುವವರೆಗೆ ಬಾಗಿಲು ತೆರೆಯುವಂತಿಲ್ಲ. ಸರಕಿಗೆ ವಿಮೆ ಇದ್ದವರ ಪಾಲನ್ನು ವಿಮಾ ಕಂಪನಿ ನೋಡಿಕೊಳ್ಳುತ್ತದೆ, ಇಲ್ಲದವರು ನಗದು ಠೇವಣಿ ಇಡಬೇಕು. ಎಲ್‌ಸಿಎಲ್‌ನಲ್ಲಿ ನಮ್ಮ ವಿಮೆ ಮಾತ್ರ ಸಾಲದು, ಪಕ್ಕದವರದೂ ಇರಲಿ ಎಂದು ಹಾರೈಸಬೇಕು.

ಗಡಿಯ ಹತ್ತಿರ ಸುಳಿದಾಡುವವರಿಗೆ ಎರಡು ದಾರಿಗಳುಂಟು. ಒಂದು, ಆರ್ಡರನ್ನೇ ಬೆಳೆಸುವುದು. 14 ಸಿಬಿಎಂಗೆ ಕಂಟೇನರ್ ತೆಗೆದುಕೊಂಡ ಮೇಲೆ ಹದಿನೈದನೆಯದರಿಂದ ಇಪ್ಪತ್ತೆಂಟನೆಯದರವರೆಗೆ ಹಡಗಿನ ಬಾಡಿಗೆ ಸೊನ್ನೆ. ಇದನ್ನು ಹ್ಯಾಂಬರ್ಗಿನವನಿಗೆ ಅಂಕಿ ಸಮೇತ ತೋರಿಸಿ, ವರ್ಷಕ್ಕೆ ಮೂರು ಸಲ ಹತ್ತತ್ತು ತರಿಸುವ ಬದಲು ಎರಡು ಸಲ ಹದಿನೈದು ತರಿಸಿದರೆ ಹೇಗೆ ಎಂದು ಕೇಳಬಹುದು. ಮೂರು ಎಲ್‌ಸಿಎಲ್‌ಗೆ 5,70,000, ಎರಡು ಕಂಟೇನರಿಗೆ 5,00,000. ಆದರೆ ಅವನಿಗೆ ಸರಕು ಹಿಡಿದಿಡುವ ಜಾಗ ಬೇಕು, ನಮಗೆ ಅಷ್ಟು ಗೊಂಬೆ ಕಡೆಸಿ ಒಣಗಿಸಿಡಲು ಬಂಡವಾಳ ಬೇಕು. ಬ್ಯಾಂಕಿನ ಬಡ್ಡಿ ಆ 70,000ದಲ್ಲಿ ಎಷ್ಟು ತಿನ್ನುತ್ತದೆ ಎಂದು ನೋಡದೆ ಒಪ್ಪಬಾರದು.

ಇನ್ನೊಂದು, ಗೊತ್ತಿರುವವರ ಜೊತೆ ಹಂಚಿಕೊಳ್ಳುವುದು. ಒಬ್ಬನೇ ಖರೀದಿದಾರ ಚನ್ನಪಟ್ಟಣದ ಇಬ್ಬರಿಂದ ಎಂಟೆಂಟು ಸಿಬಿಎಂ ಕೊಳ್ಳುತ್ತಾನೆ ಎನ್ನಿ. ಬೇರೆ ಬೇರೆ ಎಲ್‌ಸಿಎಲ್ ಆದರೆ ಒಬ್ಬೊಬ್ಬರಿಗೆ 1,60,000, ಒಟ್ಟು 3,20,000. ಇಬ್ಬರ ಸರಕನ್ನೂ ವೈಟ್‌ಫೀಲ್ಡಿನ ಸಿಎಫ್‌ಎಸ್‌ನಲ್ಲಿ ಕೂಡಿಸಿ, ಖರೀದಿದಾರನ ಹೆಸರಿಗೆ ಒಂದೇ ಕಂಟೇನರ್ ಮಾಡಿದರೆ ಎರಡು ಲಾರಿ, ಎರಡು ಷಿಪ್ಪಿಂಗ್ ಬಿಲ್ಲು, ಸ್ಟಫಿಂಗ್ ಕೂಲಿ ಎಂದು ಇನ್ನೊಂದು 30,000 ಸೇರಿಸಿದರೂ 2,80,000. ಜರ್ಮನಿಯ ದಡದಲ್ಲಿ ಅದು ಸಾಮಾನ್ಯ ಎಫ್‌ಸಿಎಲ್, ಅಲ್ಲಿ ಬಿಚ್ಚಿ ಬೇರ್ಪಡಿಸುವ ಗೋಜಿಲ್ಲ. ಉಳಿಯುವ 40,000ವೆಲ್ಲ ಖರೀದಿದಾರನ ಕಡೆಯದೇ, ನಮ್ಮ ದಡದ ಖರ್ಚು ಏರುತ್ತದೆ. ಹಾಗಾಗಿ ಈ ಏರ್ಪಾಡನ್ನು ಅವನ ಬಾಯಿಂದಲೇ ಹೇಳಿಸುವುದು ಜಾಣತನ, ಕನ್ಸಾಲಿಡೇಟರೂ ಅವನ ಮಾತಿಗೆ ಬೇಗ ಬಗ್ಗುತ್ತಾನೆ. ತೊಡಕು ಒಂದೇ: ಇಬ್ಬರೂ ಒಂದೇ ಕಟ್-ಆಫ್ ದಿನಕ್ಕೆ ಸರಕು ಮುಟ್ಟಿಸಬೇಕು. ಒಬ್ಬರು ತಡಮಾಡಿದರೆ ಇನ್ನೊಬ್ಬರ ಪೆಟ್ಟಿಗೆಗಳಿಗೆ ಗೋದಾಮು ಬಾಡಿಗೆ ಏರುತ್ತದೆ. ಆ ಬಾಡಿಗೆ ಯಾರ ತಲೆಗೆ ಎಂಬುದನ್ನು ಲಾರಿ ಹೊರಡುವ ಮೊದಲೇ ಕಾಗದದ ಮೇಲೆ ಬರೆದುಕೊಂಡಿರಬೇಕು.